ರಾಚಯ್ಯನ ಎಡಗಾಲಿನ ಹೊಲಿಗೆ

ಚಾಮರಾಜನಗರದ ಟೈಲರ್ ಚಿಕ್ಕಬೀರಯ್ಯ ಹೆಣ್ಣು ನೋಡಲು ಗುಂಡ್ಲುಪೇಟೆಗೆ ಹೋದ ದಿನ, ಅವನೇ ಹೊಲಿದ ಪ್ಯಾಂಟೊಂದು ಅವನಿಗಿಂತ ಮೊದಲೇ ಆ ಮನೆ ಸೇರಿ ಚಾಪೆಯ ಮೇಲೆ ಕೂತಿತ್ತು.

ಪ್ಯಾಂಟಿನ ಒಳಗೆ ರಾಚಯ್ಯನಿದ್ದ. ಬಂಡೀಪುರದ ಕಾಡಿನಲ್ಲಿ ವಾಚರು. ಆರು ತಿಂಗಳ ಹಿಂದೆ ಖಾಕಿ ಬಟ್ಟೆ ತಂದುಕೊಟ್ಟು ಹೊಲಿಸಿಕೊಂಡು ಹೋಗಿದ್ದವನು. ಅವನು ಹೆಣ್ಣಿನ ಸೋದರಮಾವನೂ ಹೌದು ಎನ್ನುವುದು ಬೀರಯ್ಯನಿಗೆ ಹೊಸ್ತಿಲು ದಾಟಿದ ಮೇಲೆ ತಿಳಿಯಿತು. ಅಷ್ಟು ಹೊತ್ತಿಗೆ ಚಪ್ಪಲಿ ಬಿಟ್ಟಾಗಿತ್ತು. ಜೊತೆಗೆ ಬಂದಿದ್ದ ದೊಡ್ಡಪ್ಪ ಆಗಲೇ ಕಜ್ಜಾಯಕ್ಕೆ ಕೈ ಹಾಕಿದ್ದರು. ವಾಪಸು ಹೋಗುವ ಹಾಗಿರಲಿಲ್ಲ.

ಹೋಗುವ ಮನಸ್ಸೂ ಬೀರಯ್ಯನಿಗೆ ಇರಲಿಲ್ಲ. ತನ್ನ ಮೇಲೆ ಅವನಿಗಿದ್ದ ನಂಬಿಕೆಯನ್ನು ಅಳೆಯಲು ಅವನ ಟೇಪೇ ಸಾಲುತ್ತಿರಲಿಲ್ಲ. ಯುದ್ಧದ ಕಾಲದಲ್ಲಿ ಬಟ್ಟೆಗೆ ಕಂಟ್ರೋಲು ಬಂದಾಗ, ಮೂರು ಜನಕ್ಕೆ ಸಾಲದ ಬಟ್ಟೆಯಲ್ಲಿ ನಾಲ್ಕು ಜನಕ್ಕೆ ಅಂಗಿ ತೆಗೆದವನು ಅವನು. ಹರವೆಯ ರೈತನೊಬ್ಬ ತಂದ ಟವೆಲಿನಲ್ಲಿ ಅಂಗಿ, ಚಡ್ಡಿ ಎರಡನ್ನೂ ಹೊಲಿದು, ಮೈ ಒರೆಸಿಕೊಳ್ಳಲೆಂದು ಟವೆಲನ್ನೂ ವಾಪಸು ಕೊಟ್ಟನೆಂದು ಆ ಕಡೆ ಇವತ್ತಿಗೂ ಹೇಳುತ್ತಾರೆ. ಟವೆಲು ಸ್ವಲ್ಪ ಗಿಡ್ಡವಾಗಿತ್ತು ಎನ್ನುವವರು ಹೊಟ್ಟೆಕಿಚ್ಚಿನವರು.

ಅದರ ಗುಟ್ಟು ಇಷ್ಟೇ. ಅಂಗಿಯ ಭಾಗಗಳನ್ನು ಬಟ್ಟೆಯ ಮೇಲೆ ನೆಟ್ಟಗೆ ಇಡದೆ, ಎಲ್ಲಿ ಸಂದಿ ಸಿಕ್ಕಿತೋ ಅಲ್ಲಿ ಓರೆಯಾಗಿ ತೂರಿಸುವುದು. ತುಂಬಿದ ಬಸ್ಸಿನಲ್ಲಿ ಕಂಡಕ್ಟರು ಜನ ತುಂಬಿಸುವ ಹಾಗೆ. ಆಮೇಲೆ ಕಂಟ್ರೋಲು ಹೋಯಿತು. ಕೈಗೆ ಅಂಟಿದ ಅಭ್ಯಾಸ ಹೋಗಲಿಲ್ಲ.

ಹೆಣ್ಣಿನ ತಂದೆ ಕೆಂಪಯ್ಯನೂ ಟೈಲರೇ. ಗುಂಡ್ಲುಪೇಟೆ ಬಸ್ಟಾಂಡಿನ ಹತ್ತಿರ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ಅವನು ಬೀಗರಾಗುವವರ ಊರು, ಗೋತ್ರ ಏನನ್ನೂ ಕೇಳಲಿಲ್ಲ. ಭಾಮೈದನ ಎಡಗಾಲನ್ನೇ ನೋಡುತ್ತಿದ್ದ.

"ಏನ್ಲಾ ರಾಚ, ಪಕ್ಕದಲ್ಲಿರಬೇಕಾದ ಹೊಲಿಗೆ ಮಂಡಿ ಮೇಲ್ಕ ಯಾಕ್ಲಾ ಬಂದದ?"

"ಗಾಳಿಗ ಬಂದಿರ್ಬೇಕು ಭಾವ" ಎಂದ ರಾಚಯ್ಯ. "ಕೆಳಗ ಓಗೋ ಹೊತ್ಗ ಅದು ಹೆಬ್ಬೆಟ್ಟಿನ ಮೇಲ್ಕ ಬತ್ತದ. ಬಲಗಾಲು ಸರ್ಯಾಗದ. ಇದೊಂದೇ ಕಾಲು ಮೂಗುದಾರ ಇಲ್ದ ಎತ್ತಿನಂಗ ತಿರುಗ್ತದ."

"ಯಾರ್ಲಾ ಹೊಲ್ದದ್ದು?"

ರಾಚಯ್ಯ ವೀಳ್ಯದೆಲೆ ಹಿಡಿದ ಕೈಯಿಂದ ಬೀರಯ್ಯನ ಕಡೆ ತೋರಿಸಿದ. ಆಮೇಲೆ, ಕೇಳದಿದ್ದರೂ, ನಡೆದದ್ದನ್ನು ಹೇಳಿದ.

"ಮೊದಲ್ನೇ ಒಗೆತದ ಮಾರ್ನೆ ದಿನ ಕಣ ಭಾವ. ಕೆರೆ ಕಡೀಕ ಓಗನ ಅಂತ ಒಂಟೆ. ಬಲಗಾಲು ಕೆರೆ ಕಡೀಕ ಓಯ್ತದ, ಎಡಗಾಲು ಪ್ಯಾಂಟು ಯೋಳ್ದಂಗ ಓಯ್ತದ. ಸುತ್ಕಂಡ್ ಬಂದ್ರ ಅದೇ ಮತ್ತಿಮರ. ಮರದಡೀಲಿ ಒಂಟಿಸಲಗ ನಿಂತದ. ನನ್ನ ನೋಡಿ ಕಿವಿ ಅಗಲಿಸ್ತು. ಓಡ್ದೆ. ಓಡಿ ಓಡಿ ಬಂದ್ರ ಪುನಾ ಅದೇ ಮರ! ಸಲಗ ಸುಮ್ನ ನೋಡ್ತು. ಪುನಾ ಓಡ್ದೆ, ಪುನಾ ಅಲ್ಲೇ. ಆಗ ಅದು, 'ಅಯ್ಯೋ, ಇವುಂಗ ಮನ್ಲಿ ಏನೋ ತಾಪತ್ರಯ ಅದ' ಅಂದ್ಕಂಡು ತಾನೇ ದಾರಿ ಬುಡ್ತು."

ಸಲಗವನ್ನು ಯಾರೂ ವಿಚಾರಿಸಿಲ್ಲ. ಆದರೆ ಪ್ಯಾಂಟು ಎಲ್ಲರ ಎದುರಿಗೇ ಇತ್ತು.

ಬೀರಯ್ಯ ಒಂದು ಕ್ಷಣವೂ ಅಳುಕಲಿಲ್ಲ. "ನಾ ಕೊಟ್ಟಾಗ ಕತ್ತಿ ಇದ್ದಂಗಿತ್ತು. ಒಗ್ದೋರ ಕೇಳ್ಬೇಕು. ಇಲ್ದಿದ್ರ ರಾಚಣ್ಣೋರ ಕಾಲ್ನೇ ನೋಡ್ಸಬೇಕು" ಎಂದ.

ಕೆಂಪಯ್ಯ ನಕ್ಕ. ಹೆಗಲ ಮೇಲಿನ ಚೌಕ ತೆಗೆದು ಅವನ ಮುಂದೆ ಹಿಡಿದ. "ನೋಡಪ್ಪ. ಅಂಚಿನ ಉದ್ದಕ್ಕ ಓಗದು ಹಾಸು. ಮಗ್ಗದಲ್ಲಿ ಬಿಗಿಯಾಗ್ ಕಟ್ಟಿದ ದಾರ. ಎಳಿ. ಜಗ್ಗಲ್ಲ. ಅಡ್ಡಕ್ಕ ಓಗದು ಹೊಕ್ಕು, ಎಳಿ, ಒಸಿ ಜಗ್ತದ. ಈಗ ಮೂಲೆಯಿಂದ ಮೂಲೆಗ ಎಳಿ." ಚೌಕ ರಬ್ಬರಿನ ಹಾಗೆ ಉದ್ದವಾಯಿತು. "ಈ ಎಡಗಾಲ ನೀನು ಹಾಸಿನ ಮೇಲ ಇಟ್ಟಿಲ್ಲ, ಸಂದೀಲಿ ಓರೆ ತೂರ್ಸಿದೀಯ. ಗಂಜಿ ಇರಗಂಟ ಅದು ಅಲುಗ್ದಂಗ ನಿಂತದ. ನೀರು ಬಿತ್ತು, ಗಂಜಿ ಓಯ್ತು. ದಾರಕ್ಕ ತನ್ನ ದಿಕ್ಕು ಗ್ಯಾಪ್ಕ ಬಂತು. ಅದು ಅತ್ಲಾಗ್ ತಿರುಗ್ತು, ಹೊಲಿಗೇನೂ ಎಳ್ಕಂಡ್ ಓಯ್ತು. ರಾಚನ ಕಾಲಿನ ತಪ್ಪು ಏನದ?"

"ಹಂಗಾರ ಹೆಣ್ಮಕ್ಕಳ ಕ್ರಾಸ್ ರವಿಕೆ?" ಬೀರಯ್ಯ ಬಿಡಲಿಲ್ಲ. "ಅದೂ ಓರೆನೇ ಅಲ್ವಾ? ಅದ್ಯಾಕ ತಿರುಗಲ್ಲ?"

ಉತ್ತರ ಕೆಂಪಯ್ಯನಿಂದ ಬರಲಿಲ್ಲ, ಒಳಮನೆಯ ಬಾಗಿಲಿಂದ ಬಂತು.

"ಕ್ರಾಸು ಅಂದ್ರ ಮೂಲೆಯಿಂದ ಮೂಲೆಗ, ಸರಿ ಅರ್ಧ. ಹಾಸೂ ಹೊಕ್ಕೂ ಅತ್ಲಾಗಿಂದ ಇತ್ಲಾಗಿಂದ ಸಮ ಎಳೀತವ, ಅದುಕ್ಕ ಮೈಗ್ ಕೂರ್ತದ, ತಿರುಗಲ್ಲ. ನೀವು ಕತ್ತರ್ಸಿರದು ನೇರಾನೂ ಅಲ್ಲ, ಕ್ರಾಸೂ ಅಲ್ಲ. ಊಟಿಗ್ ಓಗ್ಬೇಕೋ ಮೈಸೂರ್ಗ್ ಓಗ್ಬೇಕೋ ಗೊತ್ತಿಲ್ದಿರ ಬಸ್ಸು."

ಅದು ಶಿವಮ್ಮ. ಅಪ್ಪನ ಅಂಗಡಿಯಲ್ಲಿ ಕಾಜ ಹಾಕುವುದು, ರವಿಕೆ ಕತ್ತರಿಸುವುದು ಅವಳ ಕೆಲಸ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಹೆಣ್ಣು ತಲೆ ತಗ್ಗಿಸಿ ಕೂರಬೇಕು. ಇವಳು ಗಂಡಿನ ತಲೆ ತಗ್ಗಿಸಿದಳು. ಬೀರಯ್ಯ ಆ ಬಾಗಿಲ ಕಡೆ ನೋಡಿದ. ಮದುವೆ ಅಂತ ಆದರೆ ಇವಳನ್ನೇ ಆಗುವುದು ಎಂದು ಅಲ್ಲೇ ತೀರ್ಮಾನ ಮಾಡಿಬಿಟ್ಟ. ಅವಳು ಒಪ್ಪಿದಳೋ ಇಲ್ಲವೋ ಎನ್ನುವುದು ಅವನ ಲೆಕ್ಕದಲ್ಲಿ ಸಣ್ಣ ವಿಷಯ.

ಕೆಂಪಯ್ಯನ ಲೆಕ್ಕ ಬೇರೆ. "ಭೀಮನಬೀಡಿಂದ ಇನ್ನೊಂದ್ ಗಂಡು ಬಂದದ" ಎಂದ. "ಬೇಸಾಯದೋನು. ಕತ್ತರಿ ಮುಟ್ಟಲ್ಲ, ಅದೇ ಅವನ ಒಳ್ಳೆ ಗುಣ. ನೀನು ನನ್ ಅಳತೆಗ ಒಂದ್ ಅಂಗಿ ಹೊಲಿ. ಅದೇ ಥಾನಲ್ಲಿ ನಾನೂ ಒಂದ್ ಹೊಲೀತೀನಿ, ಅಂಗಿ ಅಂದ್ರ ಏನು ಅಂತ ನಿಂಗೂ ಗೊತ್ತಾಗ್ಲಿ. ಎರಡೂವ ಬಟ್ಟೆ ಒಗೆಯೋ ಪುಟ್ಟಸಿದ್ದಮ್ಮನ ಕೈಗ್ ಕೊಡದು. ಉಬ್ಬೆ ಮುಗುಸ್ಕಂಡು ಬಂದಾಗ ಹೊಲಿಗೆ ಪಕ್ಕದಲ್ಲಿ ಇದ್ದದಾ, ಶಿವಮ್ಮನ ಕೊಡ್ತೀನಿ. ಜರುಗಿದ್ದದಾ, ತೆರಕಣಾಂಬಿ ಮ್ಯಾಲ್ಕ ನಿಮ್ಮೂರ್ಗ ಓಗೋ ಬಸ್ಸು ಅಲ್ಲೇ ನಿಂತಿರ್ತದ."

"ಆಗ್ಲಿ ಯಜಮಾನ್ರೇ" ಎಂದ ಬೀರಯ್ಯ. "ವಾಲಗದೋರ್ಗ ಯೋಳ್ಬುಡಿ."

ದೊಡ್ಡಪ್ಪ ಮತ್ತೊಂದು ಕಜ್ಜಾಯ ತೆಗೆದುಕೊಂಡರು.

ಮಾರನೆಯ ದಿನ ಅಂಗಡಿಯಲ್ಲಿ ಕೆಂಪಯ್ಯ ಚೌಕಳಿ ಬಟ್ಟೆಯ ಥಾನು ಬಿಚ್ಚಿದ. ನೀಲಿ ಬಿಳಿ ಚೌಕಳಿ. ಗಂಜಿ ಕುಡಿದು ತಗಡಿನಂತೆ ಸದ್ದು ಮಾಡುತ್ತಿತ್ತು. ಕೆಂಪಯ್ಯ ತನ್ನ ಪಾಲನ್ನು ಹರಡಿ, ಅಂಚಿಗೆ ಸರಿಯಾಗಿ ಸೀಮೆಸುಣ್ಣದ ಗೆರೆ ಎಳೆದು, ಕಾಫಿ ಆರುವುದರೊಳಗೆ ಕತ್ತರಿಸಿ ಮುಗಿಸಿದ. ಉಳಿದ ಬಟ್ಟೆಯನ್ನು ಬೀರಯ್ಯನ ಮುಂದೆ ತಳ್ಳಿ, ಯಾರದೋ ಮದುವೆ ಬಟ್ಟೆಯ ಅಳತೆ ತೆಗೆದುಕೊಳ್ಳಲು ಹೊರಟ.

ಬೀರಯ್ಯ ಕತ್ತರಿ ಮುಟ್ಟಲಿಲ್ಲ. ಜನ್ಮದಲ್ಲಿ ಮೊದಲ ಸಲ ಬಟ್ಟೆಯನ್ನು, ಅದರಲ್ಲಿ ಎಷ್ಟು ಉಳಿಸಬಹುದು ಎಂದು ಅಲ್ಲದೆ, ಅದು ಹೇಗಿದೆ ಎಂದು ನೋಡಿದ. ತುದಿಯಲ್ಲಿ ಕಚ್ಚು ಹಾಕಿ, ಅಡ್ಡಕ್ಕೆ ಪರ್ರೆಂದು ಹರಿದ. ಕತ್ತರಿ ಮನುಷ್ಯ ಹೇಳಿದ ದಾರಿಯಲ್ಲಿ ಹೋಗುತ್ತದೆ. ಹರಿದರೆ ಬಟ್ಟೆ ಹೊಕ್ಕಿನ ಎಳೆಯ ದಾರಿಯಲ್ಲೇ ಹೋಗುತ್ತದೆ. ಆಮೇಲೆ ಅಂಚಿಗೆ ಅಂಚು ಸೇರಿಸಿ ಉದ್ದಕ್ಕೆ ಮಡಿಸಿದ.

ಮೂಲೆಗಳು ಸೇರಲಿಲ್ಲ. ಒಂದು ಮೂಲೆ ಇನ್ನೊಂದಕ್ಕಿಂತ ನಾಲ್ಕು ಬೆರಳು ಮುಂದಿತ್ತು.

ಬೀರಯ್ಯ ಬಗ್ಗಿ ಚೌಕಳಿ ನೋಡಿದ. ಚೌಕ ಚೌಕವಾಗಿರಲಿಲ್ಲ, ಗಾಳಿಗೆ ವಾಲಿದ ಗುಡಿಸಲಿನ ಕಿಟಕಿಯಂತೆ ಒಂದು ಕಡೆ ಒರಗಿತ್ತು. ಗಂಜಿ ಹಾಕಿ ಒಣಗಿಸಿ ಸುತ್ತುವಾಗ ಎಲ್ಲೋ ಒಂದು ಅಂಚು ಮುಂದೆ, ಇನ್ನೊಂದು ಹಿಂದೆ ಎಳೆಸಿಕೊಂಡಿದೆ. ಹಾಸು ನೆಟ್ಟಗಿದೆ, ಹೊಕ್ಕು ಓರೆ ಬಿದ್ದಿದೆ. ಅಂಚು ನೋಡಿಕೊಂಡು ಎಷ್ಟೇ ನೇರವಾಗಿ ಕತ್ತರಿಸಿದರೂ, ಗಂಜಿ ಬಿಟ್ಟ ದಿನ ಹೊಕ್ಕು ತನ್ನ ಜಾಗಕ್ಕೆ ಹೋಗುತ್ತದೆ. ಅಂಗಿಯೂ ಅದರ ಹಿಂದೆ ಹೋಗುತ್ತದೆ.

ಪಕ್ಕದಲ್ಲಿ ಕೆಂಪಯ್ಯ ಕತ್ತರಿಸಿಟ್ಟ ಅಂಗಿಯ ತುಂಡುಗಳಿದ್ದವು. ಅವುಗಳ ಚೌಕಳಿಯೂ ಅದೇ ಕಡೆ ಒರಗಿತ್ತು. ಬೀರಯ್ಯ ಅವುಗಳನ್ನು ನೋಡಿದ. ಕಾಜದ ದಾರ ಪೋಣಿಸುತ್ತಿದ್ದ ಶಿವಮ್ಮನನ್ನೂ ನೋಡಿದ. ಶಿವಮ್ಮ ಸೂಜಿಯನ್ನು ನೋಡಿದಳು.

"ಒಂದ್ ಬಿಂದ್ಗೆ ನೀರು ಬೇಕಿತ್ತು" ಎಂದ.

"ಕುಡಿಯಕ್ಕ?"

"ಬಟ್ಟೆ ನೆನ್ಸಕ್ಕ."

ಒಳಗಿನಿಂದ ಶಿವಮ್ಮನ ತಾಯಿ ಚಿಕ್ಕಮಾದಮ್ಮ ಓಡಿ ಬಂದಳು. "ಅಯ್ಯಯ್ಯೋ! ಹೊಸ ಬಟ್ಟೆಗ ಮೈ ಮೇಲ್ ಆಕಕ್ಕೂ ಮುಂಚ ನೀರ್ ಮುಟ್ಟುಸ್ತಾರಾ? ಮೂಲೆಗ ಅರಿಶಿಣ ಸವರಿ ಉಟ್ಕಂಡು, ಆಮ್ಯಾಲ ಅಲ್ವಾ ನೀರು? ನೀರ್ ಕಂಡ ಬಟ್ಟೆ ಹಳೇದು ಕಣಪ್ಪ! ನಮ್ ಅಂಗಡೀಲಿ ಒಂದ್ ದಿನಾನೂ ಹಂಗ್ ಮಾಡಿಲ್ಲ."

ಅದು ನಿಜ. ಆ ಸೀಮೆಯಲ್ಲಿ ಯಾರೂ ಮಾಡುತ್ತಿರಲಿಲ್ಲ. ಗರಿಗರಿ ಸದ್ದು ಮಾಡದ ಅಂಗಿಯನ್ನು ಕೊಟ್ಟರೆ ಗಿರಾಕಿ, ಇದೇನು ಸತ್ತವನ ಅಂಗಿಯೇ ಎಂದು ಕೇಳುತ್ತಿದ್ದ. ಹಾಗಾಗಿ ಎಲ್ಲ ಟೈಲರೂ ಗಂಜಿಯ ಮೇಲೇ ಕತ್ತರಿಸುತ್ತಿದ್ದರು. ಒಗೆದ ಮೇಲೆ ತಿರುಚಿದರೆ ಬೈಸಿಕೊಳ್ಳಲು ಪುಟ್ಟಸಿದ್ದಮ್ಮ ಇದ್ದೇ ಇದ್ದಳು.

"ಅತ್ತೆಮ್ಮ" ಎಂದ ಬೀರಯ್ಯ, "ಮೂಲೆಗ ಅರಿಶಿಣ ಸವರ್ಬುಡಿ, ನಾನು ಹೆಗಲ ಮೇಲ್ ಆಕ್ಕಂಡು ಬೀದಿ ತುದಿಗಂಟ ಓಗಿ ಬತ್ತೀನಿ. ಅಲ್ಗ ಉಟ್ಟಂಗಾಯ್ತಲ್ಲ?"

ಶಾಸ್ತ್ರದಲ್ಲಿ ಅದಕ್ಕೆ ಅಡ್ಡಿ ಕಾಣಲಿಲ್ಲ. ಥಾನು ಹೊದ್ದ ಬೀರಯ್ಯ ಬಸ್ಟಾಂಡಿನ ತನಕ ಮೆರವಣಿಗೆ ಹೋಗಿ ಬಂದ. ಬಟ್ಟೆ ನೀರಿಗೆ ಬಿತ್ತು.

ಈಗ ಎಳೆಯಬೇಕಿತ್ತು. ಒರಗಿದ ಬಟ್ಟೆಯಲ್ಲಿ ಒಂದು ಕರ್ಣ ಉದ್ದ, ಇನ್ನೊಂದು ಗಿಡ್ಡ. ಗಿಡ್ಡ ಕರ್ಣದ ಮೂಲೆಗಳನ್ನು ಹಿಡಿದು ಇಬ್ಬರು ಎದುರುಬದುರು ಎಳೆದರೆ ಬಟ್ಟೆ ಎದ್ದು ನಿಲ್ಲುತ್ತದೆ. ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ. ರಾಚಯ್ಯ ಜಗಲಿಯಲ್ಲಿ ಬೀಡಿ ಸೇದುತ್ತಿದ್ದ.

"ರಾಚಣ್ಣ, ಕೈ ಆಕಿ."

ರಾಚಯ್ಯ ಸಿಕ್ಕಿದ ಮೂಲೆ ಹಿಡಿದು, ಬಿದ್ದ ಆನೆಯನ್ನು ಗುಂಡಿಯಿಂದ ಎತ್ತುವವನ ಹಾಗೆ ಎಳೆದ. ಅವನು ಹಿಡಿದದ್ದು ಉದ್ದದ ಮೂಲೆ. ನಾಲ್ಕು ಬೆರಳಿದ್ದ ಓರೆ ಗೇಣಾಯಿತು.

"ಬುಡಿ ಮಾವ, ಬುಡಿ! ಅದು ನಿಮ್ ಪ್ಯಾಂಟಲ್ಲ" ಎಂದು ಶಿವಮ್ಮ ಸೂಜಿಯನ್ನು ಜಡೆಗೆ ಚುಚ್ಚಿ ಎದ್ದು ಬಂದಳು. ರಾಚಯ್ಯನನ್ನು ಸರಿಸಿ, ಎದುರು ಮೂಲೆ ಹಿಡಿದಳು.

"ಅಪ್ಪ ನೋಡುದ್ರ?" ಎಂದ ಬೀರಯ್ಯ, ಹೆದರಿ ಅಲ್ಲ, ಮಾತಿಗೆ.

"ನೋಡುದ್ರ ಕಲೀತಾರ. ಎಳೀರಿ. ಒಂದೇ ಸಲಕ್ಕಲ್ಲ. ಮೊಳ ಮೊಳಕ್ಕೂ ಇಡ್ಕಂಡು ಮೆತ್ತಗ."

ಅವನು ಈ ಅಂಚು ಹಿಡಿದ, ಅವಳು ಆ ಅಂಚು. ಎಳೆದರು, ಒಂದು ಮೊಳ ಜರುಗಿದರು, ಮತ್ತೆ ಎಳೆದರು. ಅವನು ಜಾಸ್ತಿ ಎಳೆದಾಗ ಅವಳು ಬಿಟ್ಟುಕೊಡಲಿಲ್ಲ. ಅವಳು ಎಳೆದಾಗ ಅವನು ಒಂದು ಹೆಜ್ಜೆ ಮುಂದೆ ಬಂದ, ಬೇಕೆಂದೇ ಬಂದ ಎಂದು ರಾಚಯ್ಯ ಇವತ್ತಿಗೂ ಸಾಧಿಸುತ್ತಾನೆ. ಮಡಿಸಿ ನೋಡಿದಾಗ ಮೂಲೆ ಮೂಲೆಗೆ ಕೂತಿತ್ತು. ಚೌಕ ಚೌಕವಾಗಿತ್ತು. ಹಿತ್ತಲಿನ ನೆರಳಿನಲ್ಲಿ ಚಾಪೆಯ ಮೇಲೆ ಮಟ್ಟಸವಾಗಿ ಹರಡಿದರು. ತಂತಿಯ ಮೇಲೆ ಹಾಕಿದರೆ ತನ್ನ ಭಾರಕ್ಕೇ ಮತ್ತೆ ಜೋತು ಬೀಳುತ್ತದೆಂದು ಶಿವಮ್ಮನೇ ಹೇಳಿದಳು. ಒಣಗಿದ ಮೇಲೆ ಇಸ್ತ್ರಿಯನ್ನು ಎಳೆಯ ಉದ್ದಕ್ಕೆ ಮಾತ್ರ ಓಡಿಸಿ, ಬೀರಯ್ಯ ಅಂಗಿಯ ಪ್ರತಿ ಭಾಗವನ್ನೂ ಹಾಸಿನ ಎಳೆಗೆ ನೆಟ್ಟಗೆ ಇಟ್ಟು ಕತ್ತರಿಸಿ ಹೊಲಿದ. ಒಂದು ಮೊಳ ಬಟ್ಟೆ ಚೂರುಪಾರಾಗಿ ದಂಡವಾಯಿತು. ಅವನ ಎದೆ ಸ್ವಲ್ಪ ಉರಿಯಿತು. ಆದರೆ ಸಂದಿಯಲ್ಲಿ ಏನನ್ನೂ ತೂರಿಸಲಿಲ್ಲ.

ಸಂಜೆ ಕೆಂಪಯ್ಯ ಬಂದು ತನ್ನದನ್ನು ಹೊಲಿದು ಮುಗಿಸಿ, ಎರಡು ಅಂಗಿಗಳನ್ನೂ ಪಕ್ಕಪಕ್ಕದಲ್ಲಿ ತೂಗುಹಾಕಿದ. ಅವನದು ಗರಿಗರಿಯಾಗಿ ಮದುಮಗನ ಹಾಗೆ ನಿಂತಿತ್ತು. ಬೀರಯ್ಯನದು ಮೆತ್ತಗೆ, ಮದುವೆ ಊಟ ಮುಗಿಸಿದ ನೆಂಟನ ಹಾಗಿತ್ತು.

"ಇದೇನ್ಲಾ ಇದು, ಹುಟ್ಟಕ್ಕೂ ಮುಂಚ ಮುದ್ಕ ಆಗದ?" ಎಂದ ಕೆಂಪಯ್ಯ. "ನಾ ಹೊಲಿ ಅಂದ್ರ ನೀನು ಒಗ್ದೂ ಕೊಟ್ಟಿದ್ದೀಯ. ಪುಟ್ಟಸಿದ್ದಮ್ಮನ ಕೆಲ್ಸಕ್ಕೇ ಕೈ ಆಕ್ಬುಟ್ಯಲ್ಲ!"

ತೋರಿಸಿಕೊಡುವ ಆಸೆ ಬೀರಯ್ಯನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ನೀರು ಹೇಳಬೇಕಾದ್ದನ್ನು ಅಳಿಯ ಹೇಳಿದರೆ ಮಾವನ ಮನಸ್ಸು ಕೆಡುತ್ತದೆ ಎಂದು, ಅಳಿಯ ಆಗುವುದಕ್ಕೆ ಮುಂಚೆಯೇ ಅವನು ಯೋಚಿಸಿದ್ದ.

ಪುಟ್ಟಸಿದ್ದಮ್ಮ ಎರಡೂ ಅಂಗಿಗಳನ್ನು ಗಂಟು ಕಟ್ಟಿಕೊಂಡು ಹೋದಳು. ಅವಳ ಒಗೆತ ಒಗೆತವಲ್ಲ, ವಿಚಾರಣೆ. ಸವಳು ಮಣ್ಣು ಹಚ್ಚಿ, ಉಬ್ಬೆಯಲ್ಲಿ ಹಬೆಗೆ ಬೇಯಿಸಿ, ಕೆರೆಯ ಕಲ್ಲಿನ ಮೇಲೆ ಬಡಿಯುವಾಗ ಆಚೆ ದಡದ ಬಂಡೆಗಳು ತಪ್ಪು ಒಪ್ಪಿಕೊಳ್ಳುತ್ತಿದ್ದವಂತೆ. ಇನ್ನು ಅಂಗಿಗಳು ಯಾವ ಲೆಕ್ಕ?

ಅವಳು ವಾಪಸು ಬಂದ ದಿನ ಬೀರಯ್ಯ ತೆರಕಣಾಂಬಿಯ ದಾರಿಯ ಮೊದಲ ಬಸ್ಸಿನಲ್ಲೇ ಬಂದಿಳಿದಿದ್ದ. ದೊಡ್ಡಪ್ಪನೂ ಬಂದಿದ್ದರು, ಕಜ್ಜಾಯ ಉಳಿದಿರಬಹುದು ಎಂದು. ಜಗಲಿಯ ಮೇಲೆ ಪುಟ್ಟಸಿದ್ದಮ್ಮ ಗಂಟು ಬಿಚ್ಚಿದಳು. ಮೇಲಿನ ಅಂಗಿ ತೆಗೆದು ಎರಡು ಭುಜ ಹಿಡಿದು ಎತ್ತಿದಳು.

ಎಡಪಕ್ಕದ ಹೊಲಿಗೆ ಸುತ್ತಿ ಹೊಟ್ಟೆಯ ಮೇಲೆ ಬಂದಿತ್ತು. ಬಲಗಡೆಯದು ಬೆನ್ನಿಗೆ ಹೋಗಿತ್ತು. ಕೆಳಗೆ ಒಂದು ಚುಂಗು ಮಂಡಿಯ ಕಡೆ ಜೋತುಬಿದ್ದಿತ್ತು. ಗುಂಡಿಯ ಸಾಲು, ಮೊದಲ ಸಲ ಹಗ್ಗ ಕಂಡ ಕರುವಿನ ಹಾಗೆ, ಓರೆಯಾಗಿ ಎಲ್ಲಿಗೋ ಹೊರಟಿತ್ತು.

ಬೀರಯ್ಯ ಮುಂದೆ ಬಗ್ಗಿ ನೋಡಿದ. ಮರುಕ್ಷಣ ಭುಜದ ಹೊಲಿಗೆ ಕಣ್ಣಿಗೆ ಬಿತ್ತು. ತನ್ನ ಕೈಯ ಹೊಲಿಗೆ ತನಗೆ ಗೊತ್ತಾಗದೆ ಇರುತ್ತದೆಯೇ? ಅವನು ತುಟಿ ಬಿಗಿ ಹಿಡಿದು, ಮುಖವನ್ನು ಆದಷ್ಟು ಸಪ್ಪೆ ಮಾಡಿಕೊಂಡ. ಹಿರಿಯರ ಮಾತಿಗೆ ಅಡ್ಡ ಬರುವುದು ಮರ್ಯಾದೆಯಲ್ಲ.

ಕೆಂಪಯ್ಯನಿಗೂ ಭುಜದ ಹೊಲಿಗೆ ಕಾಣಬಹುದಿತ್ತು. ಆದರೆ ಇಷ್ಟು ಕೆಟ್ಟ ಅಂಗಿ ತನ್ನದಲ್ಲ ಎಂದು ನಂಬಲು ಅವನಿಗೆ ಕಣ್ಣು ಬೇಕಾಗಿರಲಿಲ್ಲ. ಅಂಗಿಯನ್ನು ಕಿತ್ತುಕೊಂಡು ಬೀದಿಯ ಕಡೆ ತಿರುಗಿಸಿ ಹಿಡಿದ.

"ನೋಡ್ರಪ್ಪ ಎಲ್ರೂವ! ಇದು ಚಾಮರಾಜನಗರದ ಕತ್ತರಿ! ಏನಯ್ಯ ದೊಡ್ಡಯ್ಯ, ಕಜ್ಜಾಯ ಬುಟ್ಟು ಇತ್ತಾಗ್ ನೋಡು. ಇದುನ್ನ ಹೊಲ್ದೋನು ಟೈಲರಾ? ಇವುಂಗ ಹೆಣ್ ಕೊಟ್ರ ಸಂಸಾರನೂ ಇಂಗೇ ತಿರುಚ್ಕತದ. ಇಂತೋನ್ಗ ಹೆಣ್ ಕೊಡೋ ಅಪ್ಪನ ತಲೆ ನೆಟ್ಟಗಿರಲ್ಲ ಕಣ! ಏನಂತೀಯ ಪುಟ್ಟಸಿದ್ದಮ್ಮ?"

"ನಾ ಏನನ್ಲಿ ಯಜಮಾನ್ರೇ" ಎಂದಳು ಪುಟ್ಟಸಿದ್ದಮ್ಮ. ಈ ದಿನಕ್ಕಾಗಿ ಅವಳು ಬಹಳ ವರ್ಷ ಕಾದಿದ್ದಳು. ಹಾಗಾಗಿ ಅವಸರ ಮಾಡಲಿಲ್ಲ. ಎಲೆಗೆ ಸುಣ್ಣ ಸವರಿ ಬಾಯಿಗಿಟ್ಟುಕೊಂಡು, "ಕೊರಳ ಒಳಗ ಗುರ್ತು ನೋಡಿ. ನಿಮ್ ಮನೇದ್ಕ ಎರಡ್ ಚುಕ್ಕಿ ಆಕ್ತೀನಿ. ಇವ್ರುದ್ಕ ಒಂದ್ ಗೀಟು" ಎಂದಳು.

ಕೆಂಪಯ್ಯ ಕೊರಳ ಪಟ್ಟಿ ಮಗುಚಿದ. ಎರಡು ಚುಕ್ಕಿಗಳು, ಎಷ್ಟು ಒಗೆದರೂ ಹೋಗದ ಕೇರುಬೀಜದ ಕಪ್ಪಿನಲ್ಲಿ, ಎರಡು ಕಣ್ಣುಗಳ ಹಾಗೆ ಅವನನ್ನೇ ನೋಡಿದವು.

ದೊಡ್ಡಪ್ಪ ಅಗಿಯುವುದನ್ನು ನಿಲ್ಲಿಸಿದರು. ಪುಟ್ಟಸಿದ್ದಮ್ಮ ಎರಡನೆಯ ಅಂಗಿ ಎತ್ತಿ ಹಿಡಿದಳು. ಹೊಲಿಗೆ ಪಕ್ಕದಲ್ಲಿತ್ತು. ಕೆಳಗಿನ ಅಂಚು ಕೆರೆಯ ನೀರಿನ ಹಾಗೆ ಮಟ್ಟವಾಗಿತ್ತು. ಚೌಕಕ್ಕೆ ಚೌಕ ಕೂತಿತ್ತು. ಒಳಗೆ ಒಂದು ಗೀಟಿತ್ತು.

ಮೊದಲು ಮಾತಾಡಿದವಳು ಚಿಕ್ಕಮಾದಮ್ಮ. "ಹಂಗಾರ ನಂ ಅಪ್ಪನ ತಲೆ ನೆಟ್ಟಗಿರ್ನಿಲ್ಲ ಅನ್ನಿ" ಎಂದಳು, ಬಹಳ ಶಾಂತವಾಗಿ. "ನಿಮ್ಗ್ ಹೆಣ್ ಕೊಟ್ನಲ್ಲ."

ಕೆಂಪಯ್ಯ ಎರಡು ಅಂಗಿಗಳನ್ನೂ ತೊಡೆಯ ಮೇಲೆ ಹಾಕಿಕೊಂಡು ಕೂತ. ತನ್ನದನ್ನು ಮಡಿಸಿ ನೋಡಿದ, ಬೀರಯ್ಯನದನ್ನು ಮಡಿಸಿ ನೋಡಿದ. ಒಂದು ಎಳೆ ಎಳೆದು ಬೆಳಕಿಗೆ ಹಿಡಿದ. ಆಮೇಲೆ ತಲೆ ಎತ್ತಿದಾಗ ಅವನ ದನಿಯಲ್ಲಿ ಸೋಲಿರಲಿಲ್ಲ. ಕೆಲಸದ ಮಾತು ಇತ್ತು.

"ಥಾನೇ ವಾಲಿತ್ತು. ಅಂಚ್ ನೋಡ್ದೆ, ಅಡ್ಡ ನೋಡ್ನಿಲ್ಲ."

"ಹೂಂ ಯಜಮಾನ್ರೇ."

"ನೆನ್ಸಿ ಎಳುದ್ಯಾ?"

"ಎಳುದ್ವು."

"ಎಳುದ್ವು ಅಂದ್ರ? ಇನ್ನೊಂದ್ ಮೂಲೆ ಯಾರ್ ಇಡ್ಕಂಡಿದ್ರು?"

ಬೀರಯ್ಯ ಬಾಗಿಲ ಕಡೆ ನೋಡಿದ. ಶಿವಮ್ಮ ಬಾಗಿಲಲ್ಲಿ ನಿಂತು ಜಡೆಯಿಂದ ಸೂಜಿ ತೆಗೆಯುತ್ತಿದ್ದಳು. ಕೆಂಪಯ್ಯ ಮಗಳನ್ನು ನೋಡಿದ, ಬೀರಯ್ಯನನ್ನು ನೋಡಿದ.

"ನಿಂಗ ಒಪ್ಗೆನೇನವ್ವ?"

"ಸರ್ಯಾಗ್ ಎಳೀತಾರ" ಎಂದಳು ಶಿವಮ್ಮ. "ಮಿಕ್ಕಿದ್ದ ಕಲುಸ್ಕಬೋದು."

ಆ ವರ್ಷದ ಮದುವೆ ಕಾಲದಲ್ಲೇ ವಾಲಗ ಊದಿತು. ಬೀರಯ್ಯ ಸೇರಿಕೊಂಡ ಮಾವನ ಅಂಗಡಿಯ ಮುಂದೆ ಒಂದು ಕಲ್ಲಿನ ತೊಟ್ಟಿ ಬಂತು. ಅರಿಶಿಣ ಸವರಿ ಗಿರಾಕಿಯ ಹೆಗಲ ಮೇಲೆ ಒಂದು ಸಲ ಹೊದಿಸಿ, ಆಮೇಲೆ ನೆನೆಸದೆ ಇದ್ದ ಯಾವ ಬಟ್ಟೆಗೂ ಅಲ್ಲಿ ಕತ್ತರಿ ಬೀಳುತ್ತಿರಲಿಲ್ಲ. ಸಂಜೆ ಹೊತ್ತು ಗಂಡ ಹೆಂಡತಿ ಬೀದಿಯಲ್ಲಿ ನಿಂತು ಬಟ್ಟೆ ಎಳೆಯುವುದನ್ನು ನೋಡಲು ಊಟಿ ಬಸ್ಸು ನಿಧಾನ ಮಾಡುತ್ತಿತ್ತು. ಪುಟ್ಟಸಿದ್ದಮ್ಮನನ್ನು ಬೈಯುವವರಿಲ್ಲದೆ ಅವಳಿಗೆ ಕೆಲವು ದಿನ ಬೇಜಾರಾಗಿತ್ತಂತೆ.

ಕೆಂಪಯ್ಯ ಅಳಿಯ ಹೊಲಿದ ಅಂಗಿ ಹಾಕಿಕೊಂಡೇ ಲಗ್ನಪತ್ರಿಕೆ ಹಂಚಿದ. ತನ್ನ ತಿರುಚಿದ ಅಂಗಿಯನ್ನು ಬಿಸಾಡಲು ಮನಸ್ಸು ಬಾರದೆ ರಾಚಯ್ಯನಿಗೆ ಕೊಟ್ಟ. ರಾಚಯ್ಯ ಅದನ್ನು ಆ ಪ್ಯಾಂಟಿನ ಮೇಲೆ ಹಾಕಿಕೊಂಡು ಬಂಡೀಪುರಕ್ಕೆ ಹೋದ. ಪ್ಯಾಂಟು ಎಡಕ್ಕೆ ಎಳೆಯುತ್ತಿತ್ತು, ಅಂಗಿ ಬಲಕ್ಕೆ. ಅವತ್ತಿನಿಂದ ಅವನು ಕೆರೆಗೆ ನೇರವಾಗಿ ಹೋಗಿ ನೇರವಾಗಿ ಬರುತ್ತಾನೆ.

ಸಲಗ ಮಾತ್ರ ಬಹಳ ದಿನ ಆ ಮತ್ತಿಮರದ ಕೆಳಗೆ ನಿಂತು ಅವನ ದಾರಿ ಕಾಯಿತಂತೆ.